ಒಂದೇ ಬಿಳಿ, ಒಂದೇ ಸಕ್ಕರೆ, ಮೂರು ಮೆರಾಂಗ್: ಬಿಸಿ ಎಲ್ಲಿ ಹೋಗುತ್ತೆ?

ಈ ಕಂತು ಶುರುವಾಗಿದ್ದು ಕೆನಡಾದಿಂದ ಬಂದ ಒಂದು ಪತ್ರದಿಂದ. ತಂಗಿಯ ಸೀಮಂತಕ್ಕೆ ಮನೆಯಲ್ಲೇ ಕೇಕ್ ಮಾಡ್ತಿದ್ದೀನಿ, ಮೇಲೆ ಬೆಣ್ಣೆಯ ಐಸಿಂಗ್ ಹಚ್ಚಬೇಕು, ಅದಕ್ಕೆ ಮೊಟ್ಟೆಯ ಬಿಳಿ ಬೇಕು ಅಂತ ಒಬ್ಬರು ಬರೆದಿದ್ದರು. "ಇಟಾಲಿಯನ್ ವಿಧಾನದಲ್ಲಿ ಕುದಿಯುವ ಪಾಕ ಸುರೀತೀವಲ್ಲ, ಮೊಟ್ಟೆ ಅದರಲ್ಲೇ ಬೆಂದುಹೋಗುತ್ತೆ, ಗರ್ಭಿಣಿಯರಿಗೂ ತೊಂದರೆ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ನಿಜವೇ?" ಅನ್ನೋದು ಅವರ ಪ್ರಶ್ನೆ. ಒಳ್ಳೆ ಪ್ರಶ್ನೆ. ಉತ್ತರ ನಾವೆಲ್ಲ ಅಂದುಕೊಂಡಂತೆ ಇಲ್ಲ. ಆದರೆ ಅಲ್ಲಿಗೆ ಹೋಗುವ ಮೊದಲು ಮೂರೂ ವಿಧಾನಗಳನ್ನು ಒಂದು ಸುತ್ತು ನೋಡಿಬಿಡೋಣ.

ಮೆರಾಂಗ್ ಅಂದರೆ ಮೊಟ್ಟೆಯ ಬಿಳಿಯನ್ನು ಸಕ್ಕರೆ ಜೊತೆ ಕಡೆದು ಮಾಡಿದ ಗಟ್ಟಿ ನೊರೆ. ಅಷ್ಟೇ. ಸಕ್ಕರೆಯನ್ನು ಹಸಿ ಬಿಳಿಗೆ ಹಾಕಿ ಕಡೆದರೆ ಫ್ರೆಂಚ್, ಎರಡನ್ನೂ ಹಬೆಯ ಮೇಲೆ ಬಿಸಿ ಮಾಡಿ ಆಮೇಲೆ ಕಡೆದರೆ ಸ್ವಿಸ್, ಸಕ್ಕರೆಯನ್ನು ಪಾಕ ಮಾಡಿ ಬಿಸಿಬಿಸಿಯಾಗಿ ನೊರೆಗೆ ಸುರಿದರೆ ಇಟಾಲಿಯನ್. ಈ ದೇಶದ ಹೆಸರುಗಳ ಬಗ್ಗೆ ಬಹಳ ಕಥೆಗಳಿವೆ, ಅವನ್ನು ಪಕ್ಕಕ್ಕಿಡೋಣ. ನಮಗೆ ಬೇಕಾಗಿರೋದು ಒಂದೇ ವಿಷಯ. ಮೂರರಲ್ಲೂ ಇರೋದು ಅದೇ ಬಿಳಿ, ಅದೇ ಸಕ್ಕರೆ. ಬೇರೆಯಾಗೋದು ಬಿಸಿ ಯಾವಾಗ ಬರುತ್ತೆ, ಎಷ್ಟು ಬರುತ್ತೆ ಅನ್ನೋದು ಮಾತ್ರ.

ಮೊಟ್ಟೆಯ ಬಿಳಿಯಲ್ಲಿ ನೂರಕ್ಕೆ ಸುಮಾರು 90 ಪಾಲು ನೀರು. ಉಳಿದದ್ದು ಬಹುತೇಕ ಪ್ರೋಟೀನ್. ಪ್ರೋಟೀನ್ ಅಣುಗಳು ಸುರುಳಿ ಸುತ್ತಿಟ್ಟ ದಾರದ ಉಂಡೆಗಳಂತೆ ಇರ್ತವೆ ಅಂದ್ಕೊಳ್ಳಿ. ಕಡೆಯುವಾಗ ಆ ಉಂಡೆಗಳು ಬಿಚ್ಚಿಕೊಂಡು, ಗಾಳಿಗುಳ್ಳೆ ಮತ್ತು ನೀರಿನ ನಡುವಿನ ಗಡಿಯಲ್ಲಿ ಬಂದು ನಿಲ್ತವೆ, ಒಂದಕ್ಕೊಂದು ಕೈ ಹಿಡಿದು ಗುಳ್ಳೆಯ ಸುತ್ತ ತೆಳು ಬಲೆ ಕಟ್ಟುತ್ತವೆ. ಈ ಬಲೆಯೇ ನೊರೆಯನ್ನು ಹಿಡಿದಿಡೋದು. ಅದಕ್ಕೇ ಜಿಡ್ಡು ಕಂಡರೆ ಮೊಟ್ಟೆಗೆ ಆಗದು. ಹಳದಿ ಭಾಗದ ಒಂದು ಹನಿ ಬಿದ್ದರೂ ಸಾಕು, ನಿನ್ನೆ ತುಪ್ಪ ಹಾಕಿಟ್ಟಿದ್ದ ಪಾತ್ರೆಯಾದರೂ ಸಾಕು, ಗಡಿಯಲ್ಲಿ ಪ್ರೋಟೀನ್ ನಿಲ್ಲಬೇಕಾದ ಜಾಗವನ್ನು ಕೊಬ್ಬು ಆಕ್ರಮಿಸಿಕೊಳ್ಳುತ್ತೆ. ಪ್ಲಾಸ್ಟಿಕ್ ಬಟ್ಟಲು ಬೇಡ ಅನ್ನೋದೂ ಇದಕ್ಕೇ. ಎಷ್ಟು ತೊಳೆದರೂ ಅದರ ಮೈಗೆ ಜಿಡ್ಡು ಅಂಟಿಕೊಂಡೇ ಇರುತ್ತೆ.

ಕಡೆಯುವುದು ಅತಿಯಾದರೆ ಇನ್ನೊಂದು ತಾಪತ್ರಯ. ಕೈ ಹಿಡಿದಿದ್ದ ಪ್ರೋಟೀನುಗಳು ತಬ್ಬಿಕೊಂಡುಬಿಡ್ತವೆ, ನಡುವೆ ಇದ್ದ ನೀರನ್ನು ಹಿಂಡಿ ಹೊರಗೆ ತಳ್ಳುತ್ತವೆ. ನೊರೆ ಒಡೆದ ಹಾಲಿನ ಹಾಗೆ ಮುದ್ದೆಮುದ್ದೆಯಾಗಿ, ತಳದಲ್ಲಿ ನೀರು ನಿಲ್ಲುತ್ತೆ. ಒಂದು ಬಿಳಿಗೆ ಅರ್ಧ ಟೀ ಚಮಚ ನಿಂಬೆರಸ, ಅಥವಾ ಟೀ ಚಮಚದ ಎಂಟನೇ ಒಂದು ಭಾಗದಷ್ಟು ಕ್ರೀಮ್ ಆಫ್ ಟಾರ್ಟರ್ ಹಾಕಿದರೆ ಆ ಹುಳಿ ಈ ಬಿಗಿ ಅಪ್ಪುಗೆಯನ್ನು ತಡೆಯುತ್ತೆ. ಹಿಂದಿನ ಕಾಲದ ಫ್ರೆಂಚ್ ಅಡಿಗೆಯವರು ತಾಮ್ರದ ಬಟ್ಟಲಲ್ಲೇ ಕಡೆಯುತ್ತಿದ್ದರಲ್ಲ, ಅದರ ಹಿಂದೆಯೂ ಇಂಥದ್ದೇ ಕಾರಣ ಇದೆ. ಹ್ಯಾರಲ್ಡ್ ಮೆಕ್‌ಗೀ ಮತ್ತು ಅವರ ಜೊತೆಗಾರರು 1984ರಲ್ಲಿ ನೇಚರ್ ಪತ್ರಿಕೆಯಲ್ಲೇ ಈ ಬಗ್ಗೆ ಬರೆದರು. ತಾಮ್ರದ ಪಾತ್ರೆ ತೊಳೆಯೋ ಕಷ್ಟ ಗೊತ್ತಿರೋರು ನಿಂಬೆಹಣ್ಣನ್ನೇ ಆರಿಸ್ಕೊಳ್ತಾರೆ ಬಿಡಿ.

ಇನ್ನು ಸಕ್ಕರೆಯ ಕೆಲಸ. ಸಕ್ಕರೆ ನೀರಿನಲ್ಲಿ ಕರಗಿ ಅದನ್ನು ಮಂದ ಮಾಡುತ್ತೆ. ಮಂದವಾದ ನೀರು ಗುಳ್ಳೆಗಳ ನಡುವಿನಿಂದ ಬೇಗ ಜಾರಿ ಕೆಳಗಿಳಿಯೋದಿಲ್ಲ, ಹಾಗಾಗಿ ನೊರೆ ನಿಲ್ಲುತ್ತೆ. ಆದರೆ ಅದೇ ಸಕ್ಕರೆ ಪ್ರೋಟೀನುಗಳ ಕೈ ಹಿಡಿಯುವ ಕೆಲಸಕ್ಕೂ ಅಡ್ಡ ಬರುತ್ತೆ. ಅಂದರೆ ಮೊದಲೇ ಸಕ್ಕರೆ ಹಾಕಿದರೆ ನೊರೆ ನಿಧಾನವಾಗಿ ಏಳುತ್ತೆ, ಕಡಿಮೆ ಉಬ್ಬುತ್ತೆ, ಆದರೆ ಗುಳ್ಳೆಗಳು ಸಣ್ಣದಾಗಿ, ದಟ್ಟವಾಗಿ ಬರುತ್ತವೆ. ತಡವಾಗಿ ಹಾಕಿದರೆ ಹಗುರ, ಹೆಚ್ಚು ಉಬ್ಬು. ಇದೊಂದನ್ನು ನೆನಪಿಟ್ಟುಕೊಂಡರೆ ಫ್ರೆಂಚ್ ಯಾಕೆ ಹೂವಿನ ಹಾಗೆ ಹಗುರ, ಸ್ವಿಸ್ ಯಾಕೆ ಮುಲಾಮಿನ ಹಾಗೆ ನಯ ಅನ್ನೋದು ಅರ್ಥವಾಗುತ್ತೆ.

ಫ್ರೆಂಚ್ ವಿಧಾನದಲ್ಲಿ ಬಿಳಿಯನ್ನು ಮೊದಲು ಒಂಟಿಯಾಗಿ ಕಡೆಯುತ್ತೇವೆ. ವಿಸ್ಕ್ ಎತ್ತಿದಾಗ ನೊರೆಯ ತುದಿ ಬಾಗುವ ಹಂತ ಬಂದ ಮೇಲೆ, ಸಣ್ಣ ಹರಳಿನ ಸಕ್ಕರೆಯನ್ನು ಒಂದೊಂದೇ ಚಮಚ ಹಾಕುತ್ತಾ ಹೋಗಬೇಕು. ಪ್ರತಿ ಚಮಚಕ್ಕೂ ಕರಗಲು ಸಮಯ ಕೊಡಬೇಕು. ಅವಸರ ಮಾಡಿದರೆ ಹರಳು ಹಾಗೇ ಉಳಿಯುತ್ತೆ, ಬೇಯುವಾಗ ಅದು ಕರಗಿ ಮೆರಾಂಗಿನ ಮೇಲೆ ಬೆವರಿನ ಹಾಗೆ ಪಾಕದ ಹನಿಗಳು ಮೂಡ್ತವೆ. ಎರಡು ಬೆರಳ ನಡುವೆ ಸ್ವಲ್ಪ ನೊರೆ ಉಜ್ಜಿ ನೋಡಿ. ರವೆಯ ಹಾಗೆ ತರಿತರಿ ಅನ್ನಿಸಿದರೆ ಇನ್ನೂ ಕರಗಿಲ್ಲ.

ಈ ನೊರೆಯ ಜಾಗ ಒಲೆಯೊಳಗೆ. ಓವನ್ 95 ಡಿಗ್ರಿಯ ಆಸುಪಾಸು ಇಟ್ಟು ಒಂದೂವರೆಯಿಂದ ಎರಡು ಗಂಟೆ ಬಿಟ್ಟರೆ ಒಣಗಿ ಗರಿಗರಿಯಾಗುತ್ತೆ. ಬೇಯಿಸೋದಕ್ಕಿಂತ ಒಣಗಿಸೋದು ಅನ್ನೋದೇ ಸರಿ, ನಾವು ಸಂಡಿಗೆ ಒಣಗಿಸಿದ ಹಾಗೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿರುವ ನಮ್ಮ ಕೇಳುಗರಿಗೆ ಪರಿಚಯವಿರುವ ಪಾವ್ಲೊವಾ ಕೂಡ ಮೂಲತಃ ಇದೇ ನೊರೆ. ಅದರೊಳಗೆ ಸ್ವಲ್ಪ ವಿನೆಗರ್, ಸ್ವಲ್ಪ ಕಾರ್ನ್‌ಫ್ಲೋರ್ ಸೇರಿಸಿ, ಹೊರಗೆ ಗರಿಗರಿ ಒಳಗೆ ಮೆತ್ತಗೆ ಬರುವಂತೆ ಮಾಡ್ತಾರೆ. 1926ರಲ್ಲಿ ಅಲ್ಲಿಗೆ ಪ್ರವಾಸ ಬಂದಿದ್ದ ರಷ್ಯಾದ ನರ್ತಕಿ ಆನ್ನಾ ಪಾವ್ಲೊವಾ ಹೆಸರು ಅದಕ್ಕೆ. ಯಾವ ದೇಶದ್ದು ಅನ್ನೋ ಜಗಳದಲ್ಲಿ ನಾವು ತಲೆ ಹಾಕಲ್ಲ. ಮೈಸೂರು ಪಾಕ್ ಜಗಳವೇ ನಮಗೆ ಸಾಕು.

ಇಷ್ಟು ಹೊತ್ತು ಒಲೆಯಲ್ಲಿದ್ದರೆ ಮೆರಾಂಗಿನ ಒಳಭಾಗವೂ ಚೆನ್ನಾಗಿ ಬಿಸಿಯಾಗುತ್ತೆ, ಹಾಗಾಗಿ ಮೊಟ್ಟೆ ಬೆಂದಿದೆಯೇ ಅನ್ನೋ ಚಿಂತೆ ಇರೋದಿಲ್ಲ. ಚಿಂತೆ ಬರೋದು ಫ್ರೆಂಚ್ ನೊರೆಯನ್ನು ಬೇಯಿಸದೆ ಮೂಸ್‌ಗೋ ಐಸಿಂಗ್‌ಗೋ ಹಾಕಿದಾಗ. ಅದು ಶುದ್ಧ ಹಸಿ ಮೊಟ್ಟೆ. ಅಲ್ಲದೆ ಆ ನೊರೆ ಹೆಚ್ಚು ಹೊತ್ತು ನಿಲ್ಲೋದೂ ಇಲ್ಲ. ಟ್ರೇ ಸಿದ್ಧ ಮಾಡಿಕೊಂಡು, ಓವನ್ ಬಿಸಿ ಮಾಡಿಟ್ಟುಕೊಂಡು, ಆಮೇಲೆ ಕಡೆಯಲು ಶುರು ಮಾಡಬೇಕು.

ಈಗ ಪತ್ರದ ಪ್ರಶ್ನೆಗೆ ಬರೋಣ. ಅಮೆರಿಕದ ಕೃಷಿ ಇಲಾಖೆ ಮೊಟ್ಟೆಯ ಖಾದ್ಯಗಳಿಗೆ ಹೇಳುವ ಸುರಕ್ಷಿತ ಉಷ್ಣತೆ 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 71 ಡಿಗ್ರಿ ಸೆಲ್ಸಿಯಸ್. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅಷ್ಟು ಬಿಸಿಯಲ್ಲಿ ಕ್ಷಣಗಳಲ್ಲಿ ಸಾಯುತ್ತೆ. ಅದಕ್ಕಿಂತ ಕಡಿಮೆ ಬಿಸಿಯಲ್ಲೂ ಸಾಯುತ್ತೆ, ಆದರೆ ಆ ಬಿಸಿಯನ್ನು ನಿಮಿಷಗಟ್ಟಲೆ ಕಾಯ್ದುಕೊಳ್ಳಬೇಕು. ಸಾಲದ್ದಕ್ಕೆ ಸಕ್ಕರೆ ತುಂಬಿದ ಜಾಗದಲ್ಲಿ ಬ್ಯಾಕ್ಟೀರಿಯಾ ಶಾಖವನ್ನು ಇನ್ನಷ್ಟು ಚೆನ್ನಾಗಿ ತಡ್ಕೊಳ್ಳುತ್ತೆ.

ಹಾಗಾದರೆ 118 ಡಿಗ್ರಿಯ ಪಾಕ ಸುರಿದಾಗ ಬಿಳಿ ಎಷ್ಟು ಬಿಸಿಯಾಗುತ್ತೆ? ಲೆಕ್ಕ ಹಾಕಿಯೇ ನೋಡೋಣ. ಮೂರು ಮೊಟ್ಟೆಯ ಬಿಳಿ, ಸುಮಾರು 100 ಗ್ರಾಂ, ಕೋಣೆಯ ಬಿಸಿ 20 ಡಿಗ್ರಿ. 200 ಗ್ರಾಂ ಸಕ್ಕರೆಗೆ 60 ಗ್ರಾಂ ನೀರು ಹಾಕಿ ಕುದಿಸಿದ್ದೇವೆ. 118 ಡಿಗ್ರಿ ಮುಟ್ಟುವ ಹೊತ್ತಿಗೆ ಅರ್ಧದಷ್ಟು ನೀರು ಹಾರಿಹೋಗಿ ಸುಮಾರು 230 ಗ್ರಾಂ ಪಾಕ ಉಳಿದಿರುತ್ತೆ. ಈಗ ಯಾರು ಎಷ್ಟು ಶಾಖ ಹಿಡಿದಿಟ್ಟುಕೊಳ್ಳಬಲ್ಲರು ಅನ್ನೋದು ಮುಖ್ಯ. ಮೊಟ್ಟೆಯ ಬಿಳಿ ಬಹುಪಾಲು ನೀರಾದ್ದರಿಂದ ಒಂದು ಗ್ರಾಂ ಬಿಳಿಯನ್ನು ಒಂದು ಡಿಗ್ರಿ ಏರಿಸಲು 3.8 ಜೂಲ್‌ನಷ್ಟು ಶಾಖ ಬೇಕು. ಇಷ್ಟು ಗಟ್ಟಿ ಪಾಕದ ಲೆಕ್ಕ ಅದರ ಅರ್ಧ, ಸುಮಾರು 2 ಜೂಲ್. ಪಾಕ ಬಹಳ ಬಿಸಿ ಇದ್ದರೂ ಅದರ ಜೋಳಿಗೆ ಚಿಕ್ಕದು ಅಂತ ಅರ್ಥ. ಇವೆರಡನ್ನೇ ಬೆರೆಸಿದರೆ ಕೊನೆಗೆ ಬರೋ ಉಷ್ಣತೆ ಹತ್ತಿರ ಹತ್ತಿರ 74 ಡಿಗ್ರಿ. ಭೇಷ್, 71 ದಾಟಿತು ಅನ್ನಿಸುತ್ತೆ ಅಲ್ವಾ?

ಆದರೆ ಬೆರೆಸೋದು ಎಲ್ಲಿ? ಸ್ಟ್ಯಾಂಡ್ ಮಿಕ್ಸರಿನ ಸ್ಟೀಲ್ ಬಟ್ಟಲಲ್ಲಿ. ಅದು 600 ಗ್ರಾಂ ತೂಗುತ್ತೆ ಅಂತಿಟ್ಟುಕೊಳ್ಳಿ. ಸ್ಟೀಲಿಗೆ ಗ್ರಾಂಗೆ ಅರ್ಧ ಜೂಲ್ ಸಾಕು, ಆದರೆ ತೂಕ ಜಾಸ್ತಿ ಇದೆಯಲ್ಲ. ಬಟ್ಟಲನ್ನೂ ಲೆಕ್ಕಕ್ಕೆ ಸೇರಿಸಿದ ಕೂಡಲೇ 74 ಇಳಿದು 60ಕ್ಕೆ ಬಂದು ನಿಲ್ಲುತ್ತೆ. ಒಂದು ಬಟ್ಟಲು 14 ಡಿಗ್ರಿ ನುಂಗಿಹಾಕಿತು. ಇನ್ನೂ ವಿಸ್ಕ್ ಇದೆ, ಪ್ಯಾನಿಗೆ ಅಂಟಿಕೊಂಡು ಬರದೇ ಹೋದ ಪಾಕ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ಜೋರಾಗಿ ಕಡೆಯುತ್ತಾ ನಾವೇ ಒಳಗೆ ತುಂಬುತ್ತಿರುವ ತಣ್ಣನೆ ಗಾಳಿ ಇದೆ. ಮೆಕ್‌ಗೀ ತಮ್ಮ ಪುಸ್ತಕದಲ್ಲಿ ಕೊಡುವ ಅಂಕಿ 55ರಿಂದ 58 ಡಿಗ್ರಿ. ನಮ್ಮ ಒರಟು ಲೆಕ್ಕ ಅದರ ಹತ್ತಿರವೇ ಬಂತು. ಅದೂ ಒಂದು ಗಳಿಗೆ ಮಾತ್ರ, ಕಡೆಯುತ್ತಾ ಹೋದಂತೆ ಇಳಿಯುತ್ತಲೇ ಇರುತ್ತೆ.

ಹಾಗಾಗಿ ಕೆನಡಾದ ಕೇಳುಗರಿಗೆ ಉತ್ತರ: ಇಲ್ಲ, ಇಟಾಲಿಯನ್ ಮೆರಾಂಗಿನಲ್ಲಿ ಮೊಟ್ಟೆ ಆ ಅರ್ಥದಲ್ಲಿ ಬೆಂದಿರೋದಿಲ್ಲ. ಹೊಳಪು ನೋಡಿ, ಗಟ್ಟಿತನ ನೋಡಿ ಬೆಂದಿದೆ ಅಂತ ನಮಗೆ ಅನ್ನಿಸುತ್ತೆ, ಅಷ್ಟೆ. ಬಟ್ಟಲನ್ನು ಮೊದಲೇ ಬಿಸಿನೀರಲ್ಲಿ ಅದ್ದಿ 60 ಡಿಗ್ರಿಗೆ ತಂದಿಟ್ಟರೆ ಕಾಗದದ ಮೇಲೆ 70ರ ತನಕ ಹೋಗುತ್ತೆ, ಆದರೂ ಉಳಿದ ಸೋರಿಕೆಗಳು ಇದ್ದೇ ಇವೆ. ಬೇಕಿದ್ದರೆ ಪಾಕ ಸುರಿದು ಮುಗಿದ ತಕ್ಷಣ ಮಿಕ್ಸರ್ ನಿಲ್ಲಿಸಿ ನೊರೆಯ ನಡುವಿಗೆ ಥರ್ಮಾಮೀಟರ್ ಚುಚ್ಚಿ ನೋಡಿ.

ಸ್ವಿಸ್ ವಿಧಾನ ಗೆಲ್ಲೋದು ಇಲ್ಲೇ. ಇಲ್ಲಿ ಬಿಸಿ ಒಮ್ಮೆ ಸುರಿದು ಮುಗಿಯೋದಲ್ಲ, ಕೆಳಗಿನಿಂದ ಬರುತ್ತಲೇ ಇರುತ್ತೆ. ಪಾತ್ರೆಯಲ್ಲಿ ಎರಡು ಬೆರಳು ನೀರು ಸಣ್ಣಗೆ ಕುದಿಯುತ್ತಿರಲಿ, ಅದರ ಮೇಲೆ ನೀರು ತಾಗದಂತೆ ಬಟ್ಟಲು ಕೂರಿಸಿ, 100 ಗ್ರಾಂ ಬಿಳಿ ಮತ್ತು 200 ಗ್ರಾಂ ಸಕ್ಕರೆ ಹಾಕಿ, ಕೈಬಿಡದೆ ತಿರುವುತ್ತಾ 71 ಡಿಗ್ರಿ ಮುಟ್ಟಿಸಬೇಕು. ಆಮೇಲೆ ಒಲೆಯಿಂದ ಇಳಿಸಿ, ಪೂರ್ತಿ ತಣ್ಣಗಾಗುವವರೆಗೆ ಮಿಕ್ಸರಿನಲ್ಲಿ ಕಡೆಯಬೇಕು.

ಇಲ್ಲೊಂದು ಅನುಮಾನ ಬರಬೇಕು. ಬರೀ ಬಿಳಿಯನ್ನು ಬಿಸಿ ಮಾಡಿದರೆ 62 ಡಿಗ್ರಿಯ ಸುಮಾರಿಗೇ ಅದರ ಒಂದು ಪ್ರೋಟೀನ್ ಗಟ್ಟಿಯಾಗಲು ಶುರುವಾಗುತ್ತೆ. ಮತ್ತೆ 71ಕ್ಕೆ ಹೋದರೂ ಬುರ್ಜಿ ಆಗೋದಿಲ್ಲ ಯಾಕೆ? ಸಕ್ಕರೆ ಕಾಪಾಡುತ್ತೆ. ಅಷ್ಟು ಸಕ್ಕರೆ ಇರುವಾಗ ಪ್ರೋಟೀನುಗಳು ಗಟ್ಟಿಯಾಗುವ ಉಷ್ಣತೆಯೇ ಮೇಲಕ್ಕೆ ಏರುತ್ತೆ. ಬ್ಯಾಕ್ಟೀರಿಯಾಕ್ಕೆ ರಕ್ಷಣೆ ಕೊಟ್ಟ ಸಕ್ಕರೆಯೇ ನಮಗೂ ರಕ್ಷಣೆ ಕೊಡ್ತಿದೆ ನೋಡಿ. ಸಿಹಿ ಜಾಸ್ತಿ ಆಯ್ತು ಅಂತ ನೀವು ಸಕ್ಕರೆಯನ್ನು ಅರ್ಧಕ್ಕೆ ಇಳಿಸಿದರೆ ಈ ರಕ್ಷಣೆ ಹೋಗುತ್ತೆ, ಬಟ್ಟಲಿನ ಅಂಚಿನಲ್ಲಿ ಬಿಳಿ ಎಳೆಗಳು ಕಾಣಿಸ್ಕೊಳ್ತವೆ. ತಿರುವುವುದನ್ನು ನಿಲ್ಲಿಸಿದರೂ ಅದೇ ಗತಿ. ಒಂದೆರಡು ಎಳೆ ಮಾತ್ರ ಆಗಿದ್ದರೆ ಜರಡಿಯಲ್ಲಿ ಸೋಸಿಕೊಂಡು ಮುಂದುವರಿಯಬಹುದು.

ಹಾಗೇ, ಬೆರಳಲ್ಲಿ ಉಜ್ಜಿ ತರಿ ಸಿಗದಿದ್ದರೆ ಸಾಕು ಅಂತ ಬಹಳ ಪಾಕವಿಧಾನಗಳು ಹೇಳ್ತವೆ. ಸಕ್ಕರೆ ಕರಗಿದೆ ಅನ್ನೋದಕ್ಕೆ ಅದು ಸಾಕ್ಷಿ, ಬಿಸಿ ಸಾಕಷ್ಟಾಗಿದೆ ಅನ್ನೋದಕ್ಕಲ್ಲ. 50 ಡಿಗ್ರಿಯಲ್ಲೇ ಸಕ್ಕರೆ ಕರಗಿಬಿಟ್ಟಿರಬಹುದು. ಸೀಮಂತದ ಕೇಕಿಗೆ ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಐಸಿಂಗಿಗೆ ಬೇಕಾದ ಬೆಣ್ಣೆಯ ಲೆಕ್ಕ: ಈ ಅಳತೆಗೆ ಸುಮಾರು 300 ಗ್ರಾಂ ಉಪ್ಪಿಲ್ಲದ ಬೆಣ್ಣೆ, ಬೆರಳು ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗೆ. ಬಟ್ಟಲಿನ ತಳ ಮುಟ್ಟಿ ನೋಡಿ, ಕೈಗೆ ಸ್ವಲ್ಪವೂ ಬೆಚ್ಚಗೆ ಅನ್ನಿಸಬಾರದು, ಆಮೇಲೆ ತುಂಡು ತುಂಡಾಗಿ ಹಾಕಿ. ನಡುವೆ ಒಂದು ಹಂತದಲ್ಲಿ ಎಲ್ಲ ಒಡೆದು ಮೊಸರಿನ ಹಾಗಾಗಿ ಎದೆ ಧಸಕ್ ಅನ್ನುತ್ತೆ. ಹೆದರಬೇಡಿ, ಕಡೆಯುತ್ತಲೇ ಇರಿ, ಕೂಡಿಕೊಳ್ಳುತ್ತೆ. ಒಡೆಯುವ ಬದಲು ತೆಳ್ಳಗೆ ಗಂಜಿಯ ಹಾಗಾದರೆ ಬಿಸಿ ಹೆಚ್ಚಾಗಿದೆ ಅಂತ. ಹದಿನೈದು ನಿಮಿಷ ಫ್ರಿಜ್‌ನಲ್ಲಿಟ್ಟು ಮತ್ತೆ ಕಡೆಯಿರಿ. ದುಬೈ, ದೋಹಾ ಕಡೆಯ ಕೇಳುಗರಿಗೆ ಒಂದು ಮಾತು: ಇದು ಬೆಣ್ಣೆಯದ್ದೇ ಐಸಿಂಗ್, ಏಸಿ ಇಲ್ಲದ ಜಾಗದಲ್ಲಿ ಯಾವ ಮೆರಾಂಗೂ ಇದನ್ನು ಉಳಿಸಲಾರದು.

ಹಾಗಾದರೆ ಇಟಾಲಿಯನ್ ಯಾಕೆ ಬೇಕು? ಗಟ್ಟಿಯಾಗಿ ನಿಲ್ಲೋದಕ್ಕೆ. ಅದರಲ್ಲಿ ಸಕ್ಕರೆ ಪೂರ್ತಿ ಕರಗಿಯೇ ಬರುತ್ತೆ, ಬಿಳಿ ಮೊದಲೇ ಉಬ್ಬಿರುತ್ತೆ, ಬಿಸಿ ಪಾಕ ಆ ಬಲೆಯನ್ನು ಇನ್ನಷ್ಟು ಬಿಗಿ ಮಾಡುತ್ತೆ. ಮೂಸ್, ಐಸ್‌ಕ್ರೀಮ್‌ಗಳಿಗೆ ಬೆರೆಸಲು, ನಿಂಬೆ ಟಾರ್ಟಿನ ಮೇಲೆ ಹಚ್ಚಿ ಬ್ಲೋಟಾರ್ಚಿನಲ್ಲಿ ಕಂದು ಮಾಡಲು ಇದೇ ಚೆಂದ. ನಿಂಬೆ ಪೈ ಮೇಲೆ ಫ್ರೆಂಚ್ ನೊರೆ ಹಾಕಿ ಬೇಯಿಸಿದರೆ ಹೂರಣ ಮತ್ತು ನೊರೆಯ ನಡುವೆ ನೀರು ನಿಲ್ಲೋ ಕಾಟ ಗೊತ್ತಲ್ಲ, ಮೇಲೆ ಬೇಯುತ್ತೆ, ಕೆಳಗೆ ಹಸಿ ಉಳಿಯುತ್ತೆ. ಇಟಾಲಿಯನ್ನಿನಲ್ಲಿ ಆ ಕಾಟ ಬಹಳ ಕಡಿಮೆ.

ಅದರ ಕಷ್ಟ ಇರೋದು ಪಾಕದಲ್ಲಿ. ನಮ್ಮವರಿಗೆ ಪಾಕ ಹೇಳಿಕೊಡಬೇಕಿಲ್ಲ, ಆದರೆ ಮೈಸೂರು ಪಾಕಿನ ಒಂದೆಳೆ ಪಾಕ ಇಲ್ಲಿ ನಡೆಯೋದಿಲ್ಲ. ಅದರಲ್ಲಿ ನೀರು ಇನ್ನೂ ಬಹಳ ಇರುತ್ತೆ, ನೊರೆ ಸಡಿಲವಾಗಿ ಜೋಲುತ್ತೆ. ಬೇಕಾದ್ದು ತಣ್ಣೀರಿಗೆ ಒಂದು ಹನಿ ಬಿಟ್ಟರೆ ಉಂಡೆ ಕಟ್ಟುವ ಪಾಕ, ಎಳ್ಳುಂಡೆಗೆ ಅಜ್ಜಿಯರು ಬಟ್ಟಲಲ್ಲಿ ನೀರಿಟ್ಟುಕೊಂಡು ನೋಡ್ತಾರಲ್ಲ, ಅಂಥದ್ದು. ಬಿಳಿ ತುದಿ ಬಾಗುವ ಹಂತಕ್ಕೂ ಪಾಕ 118ಕ್ಕೂ ಒಂದೇ ಹೊತ್ತಿಗೆ ಬರಬೇಕು, ಅದಕ್ಕೆ ಪಾಕ 110 ದಾಟಿದಾಗ ಮಿಕ್ಸರ್ ಶುರು ಮಾಡಿ. ಸಣ್ಣ ಧಾರೆಯಾಗಿ, ವಿಸ್ಕಿಗೂ ಬಟ್ಟಲಿನ ಗೋಡೆಗೂ ನಡುವೆ ಬೀಳುವಂತೆ ಸುರಿಯಿರಿ. ತಿರುಗುವ ವಿಸ್ಕಿನ ಮೇಲೆ ಬಿದ್ದರೆ ಪಾಕ ಸಿಡಿದು ಗೋಡೆಗೆ ಗಾಜಿನ ಎಳೆಯಾಗಿ ಅಂಟುತ್ತೆ. ಮಕ್ಕಳನ್ನು ಆಗ ದೂರ ಇಡಿ. ಈ ಪಾಕ ಚರ್ಮಕ್ಕೆ ಅಂಟಿ ಸುಡುತ್ತೆ.

ಎತ್ತರದ ಊರಿನಲ್ಲಿರುವವರು ಇನ್ನೊಂದು ಗಮನಿಸಬೇಕು. 118 ಡಿಗ್ರಿ ಅನ್ನೋದು ಸಮುದ್ರಮಟ್ಟದ ಅಂಕಿ. ಪಾಕದಲ್ಲಿ ಎಷ್ಟು ನೀರು ಉಳಿದಿದೆ ಅನ್ನೋದಕ್ಕೆ ಅದು ಗುರುತು ಅಷ್ಟೇ. ಡೆನ್ವರ್ 1600 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತೆ. ಅದೇ ಹದದ ಪಾಕ ಅಲ್ಲಿ 113ಕ್ಕೆ ಸಿಗುತ್ತೆ, 118ರವರೆಗೆ ಕಾದರೆ ಗಟ್ಟಿಯಾಗಿ ನೊರೆಯೊಳಗೆ ಹರಳುಂಡೆ ಬೀಳುತ್ತೆ. ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ಎಷ್ಟು ತೋರಿಸುತ್ತೆ ನೋಡಿ, ಅದಕ್ಕೆ 18 ಕೂಡಿಸಿ. ಸ್ವಿಸ್‌ನ 71ಕ್ಕೆ ಈ ತಗಾದೆ ಇಲ್ಲ. ಬ್ಯಾಕ್ಟೀರಿಯಾ ಎತ್ತರ ನೋಡಿ ಸಾಯೋದಿಲ್ಲ.

ಇಟಾಲಿಯನ್ನೇ ಬೇಕು, ತಿನ್ನೋರಲ್ಲಿ ಗರ್ಭಿಣಿಯರೋ ಪುಟ್ಟ ಮಕ್ಕಳೋ ವಯಸ್ಸಾದವರೋ ಇದ್ದಾರೆ ಅಂದರೆ ದಾರಿ ಇದೆ. ಪಾಶ್ಚರೀಕರಿಸಿದ ಬಿಳಿ ಡಬ್ಬಿಯಲ್ಲಿ ಸಿಗುತ್ತೆ. ಆ ಶಾಖ ಪ್ರೋಟೀನಿಗೂ ತಾಗಿರೋದರಿಂದ ಅದು ಏಳಲು ತಡವಾಗುತ್ತೆ, ಕ್ರೀಮ್ ಆಫ್ ಟಾರ್ಟರ್ ಮರೆಯದೆ ಹಾಕಿ, ತಾಳ್ಮೆಯಿಂದ ಕಡೆಯಿರಿ. ಬ್ರಿಟನ್ನಿನಲ್ಲಿ ಸ್ಥಿತಿ ಬೇರೆ. ಸಿಂಹದ ಮುದ್ರೆ ಇರುವ ಮೊಟ್ಟೆಯನ್ನು ಗರ್ಭಿಣಿಯರೂ ಮಕ್ಕಳೂ ಹಸಿಯಾಗಿಯೇ ತಿನ್ನಬಹುದು ಅಂತ ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆ 2017ರಲ್ಲಿ ಹೇಳಿತು. ಆ ಸಲಹೆ ಆ ಮುದ್ರೆಯ ಮೊಟ್ಟೆಗಳಿಗೆ ಮಾತ್ರ, ಅದನ್ನು ಟೊರಾಂಟೊದ ಫ್ರಿಜ್ಜಿಗೆ ಅನ್ವಯಿಸಬೇಡಿ.

ಕೆನಡಾದ ಕೇಳುಗರಿಗೆ ನಮ್ಮ ಸಲಹೆ: ಸ್ವಿಸ್ ಮಾಡಿ, 71 ಮುಟ್ಟಿಸಿ, ತಂಗಿಗೆ ದೊಡ್ಡ ತುಂಡೇ ಕೊಡಿ. ಮೊಟ್ಟೆ ತಿನ್ನದ ಮನೆಗಳಿಗಾಗಿ ಕಾಬೂಲಿ ಕಡಲೆ ಬೇಯಿಸಿದ ನೀರಿನ ನೊರೆಯ ಕಥೆ ಮುಂದಿನ ಕಂತಿನಲ್ಲಿ. ಅಲ್ಲಿಯವರೆಗೆ ಕಡಲೆ ನೀರು ಚೆಲ್ಲಬೇಡಿ. ಸಿಗೋಣ.